ಸಹಾಯ ಬೇಕು: ಈ ಸ್ಕ್ರೀನ್‌ಶಾಟ್‌ನಲ್ಲಿರುವ ಮೆಕ್ಕೆಜೋಳ ಬಿಡಿಸುವ ಯಂತ್ರ ಯಾವ ಕಂಪನಿಯದು?

ದಾವಣಗೆರೆ ಸುತ್ತಿನ ರೈತರಿಗೆ, ಯಂತ್ರದ ಅಂಗಡಿಯವರಿಗೆ ನಮಸ್ಕಾರ. ಫೇಸ್‌ಬುಕ್ ಜಾಹೀರಾತಿನ ಸ್ಕ್ರೀನ್‌ಶಾಟ್ ಹಾಕಿದ್ದೇನೆ. ಹಸಿರು ಯಂತ್ರ, 1 ಎಚ್‌ಪಿ ಮೋಟಾರ್, ಬೆಲೆ 1,499 ರೂಪಾಯಿ ಅಂತ ಇದೆ.

ಇಡೀ ಸ್ಕ್ರೀನ್‌ಶಾಟ್ ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದು ಮೇಲಿನ ಅಕ್ಷರಗಳನ್ನೇ ಹಿಡಿದು ಇಂಥವೇ ಬೇರೆ ಜಾಹೀರಾತು ತೋರಿಸಿತು. ಬೆಲೆ, ಬಟನ್ ಎಲ್ಲ ಕತ್ತರಿಸಿ ಯಂತ್ರವನ್ನಷ್ಟೇ ಉಳಿಸಿದ ಮೇಲೆ ಅದೇ ಫೋಟೊ ಮೂರು ಕಡೆ ಸಿಕ್ಕಿತು, ಮೂರು ಬೇರೆ ಹೆಸರಲ್ಲಿ. ಒಂದು ಕಡೆ ಬೆಲೆ 9,000 ದಾಟಿದೆ. 1 ಎಚ್‌ಪಿ ಮೋಟಾರಿಗೇ 1,499 ಸಾಲದು. ಹಾಗಾಗಿ ಫೋಟೊ ಯಾರದ್ದೋ, ಮನೆಗೆ ಬರುವುದು ಕೈಯಲ್ಲಿ ತಿರುಗಿಸುವ ಸಾಧನ ಎಂಬ ಅನುಮಾನ ಬಲವಾಗಿದೆ.

ಮಾರುವವರ ಬಗ್ಗೆ: ಪೇಜಿನ ಪಾರದರ್ಶಕತೆ ವಿಭಾಗದಲ್ಲಿ ಅದು ಹೋದ ತಿಂಗಳು ಶುರುವಾದದ್ದು, ಮೊದಲು ಸೀರೆ ಅಂಗಡಿಯ ಹೆಸರಿತ್ತು ಎಂದಿದೆ. ವಿಳಾಸ ದಾವಣಗೆರೆಯದು, ಆದರೆ ಕೊಟ್ಟಿರುವ ಜಿಎಸ್‌ಟಿ ಸಂಖ್ಯೆ 24ರಿಂದ ಶುರುವಾಗುತ್ತದೆ. ಅದು ಗುಜರಾತಿನ ಸಂಕೇತ, ಕರ್ನಾಟಕದ್ದು 29. ಆ ಸಂಖ್ಯೆಯನ್ನು services.gst.gov.in ನಲ್ಲಿ ಹಾಕಿದರೆ ಬಂದ ವ್ಯಾಪಾರದ ಹೆಸರೂ ಪೇಜಿನ ಹೆಸರೂ ಬೇರೆ. ಸಂಖ್ಯೆ ಅಸಲಿಯಾದರೂ ಎಲ್ಲಿಂದಲೋ ಎತ್ತಿದ್ದಿರಬಹುದು. ಕ್ಯಾಶ್ ಆನ್ ಡೆಲಿವರಿ ಅಂತಾರೆ, ಆದರೆ ಹಣ ಕೊಡದೆ ಪಾರ್ಸೆಲ್ ಬಿಚ್ಚಲು ಸಾಮಾನ್ಯವಾಗಿ ಬಿಡುವುದಿಲ್ಲ.

ಈ ಯಂತ್ರ ನಿಮ್ಮ ಹತ್ತಿರ ಇದ್ದರೆ ಮೋಟಾರಿನ ಮೇಲಿನ ತಗಡಿನ ಫೋಟೊ ಕಳಿಸಿ. ಕಂಪನಿ, ಮಾಡೆಲ್, ವೋಲ್ಟೇಜ್ ಓದುವಂತಿರಲಿ. ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ಬಿಲ್ ಕೊಟ್ಟು ಇದನ್ನು ಮಾರುವ ಅಂಗಡಿ ಇದ್ದರೆ ತಿಳಿಸಿ.