ಪದ ಬೇಕು: ಮಷಿನ್ ಬದಲಿಸುವ ಲೆಕ್ಕದ ‘ಇಂಕ್ರಿಮೆಂಟಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಬಿ.ಕಾಂ. ಹುಡುಗರಿಗಾಗಿ ಹಣಕಾಸು ನಿರ್ವಹಣೆಯ ಟಿಪ್ಪಣಿ ಬರೆಯುತ್ತಿದ್ದೇನೆ. ಹಳೆ ಮಷಿನ್ ಇಟ್ಟುಕೊಳ್ಳೋದಾ, ಮಾರಿ ಹೊಸದು ತರೋದಾ ಅನ್ನುವ ಅಧ್ಯಾಯದಲ್ಲಿ ‘ಇಂಕ್ರಿಮೆಂಟಲ್ ಕ್ಯಾಶ್ ಫ್ಲೋ’ ಬರುತ್ತದೆ. ಸದ್ಯಕ್ಕೆ ‘ಹೆಚ್ಚುವರಿ ನಗದು ಹರಿವು’ ಅಂತ ಹಾಕಿದ್ದೇನೆ. ತೊಂದರೆ ಏನಪ್ಪಾ ಅಂದ್ರೆ, ‘ಹೆಚ್ಚುವರಿ’ ಅಂದ ಕೂಡಲೇ ಹುಡುಗರು ಹೊಸ ಮಷಿನ್ ತಂದುಕೊಡುವ ಹಣವನ್ನಷ್ಟೇ ಬರೆಯುತ್ತಾರೆ. ಹಳೆಯದನ್ನು ಇಟ್ಟುಕೊಂಡಿದ್ದರೆ ಬರುತ್ತಿದ್ದ ಹಣವನ್ನು ಕಳೆಯುವುದೇ ಇಲ್ಲ.

ನಾನು ಕೊಟ್ಟ ಲೆಕ್ಕ ಇದು. ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪ್, ಪಾಲುದಾರಿಕೆ ಸಂಸ್ಥೆ ಅಂದುಕೊಳ್ಳಿ. ತೆರಿಗೆ ಶೇ 30, ಸೆಸ್ ಬಿಟ್ಟುಬಿಡೋಣ. 5 ವರ್ಷದ ಹಿಂದೆ 10 ಲಕ್ಷಕ್ಕೆ ತಂದ ಲೇತ್. ವರ್ಷಕ್ಕೆ ಶೇ 15ರಂತೆ ಸವಕಳಿ ತೆಗೆದ ಮೇಲೆ ಅದರ ಪುಸ್ತಕದ ಬೆಲೆ 4.44 ಲಕ್ಷಕ್ಕೆ ಇಳಿದಿದೆ. ಈಗ ಮಾರಿದರೆ 3 ಲಕ್ಷ ಬರುತ್ತದೆ. ಹೊಸ ಸಿ.ಎನ್.ಸಿ. ಮಷಿನ್‌ಗೆ 20 ಲಕ್ಷ. ಕೂಲಿ, ಕರೆಂಟು, ರಿಪೇರಿ, ರಿಜೆಕ್ಟ್ ಆಗುವ ಮಾಲು ಎಲ್ಲ ಸೇರಿ ಅದು ವರ್ಷಕ್ಕೆ 5 ಲಕ್ಷ ಉಳಿಸುತ್ತದೆ. 5 ವರ್ಷ ಆದಮೇಲೆ ಹೊಸದನ್ನು 6 ಲಕ್ಷಕ್ಕೆ ಮಾರಬಹುದು. ಹಳೆಯದೇ ಇದ್ದಿದ್ದರೆ ಆಗ ಅದಕ್ಕೆ 50 ಸಾವಿರ ಸಿಗುತ್ತಿತ್ತು.

ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗರು 4.44 ಲಕ್ಷದ್ದನ್ನು 3 ಲಕ್ಷಕ್ಕೆ ಮಾರಿದ್ದರಿಂದ 1.44 ಲಕ್ಷ ನಷ್ಟ ಅಂತ ಅದನ್ನೂ ಖರ್ಚಿಗೆ ಸೇರಿಸಿದ್ದಾರೆ. ಪದ ಬದಲಿಸಿದರೆ ಇದು ಸರಿಹೋಗುತ್ತದಾ? ನಿಮಗೇನನ್ನಿಸುತ್ತೆ?

— ಕಾಮರ್ಸ್ ಮೇಡಂ, ತುಮಕೂರು

*

ಮೇಡಂ, ‘ವ್ಯತ್ಯಾಸದ ಹಣ’ ಅಂದರೆ ಸಾಕಲ್ವಾ? ವ್ಯತ್ಯಾಸ ಅಂದಮೇಲೆ ಎರಡು ಕಡೆಯೂ ನೋಡಲೇಬೇಕು. ಪ್ಲಸ್ಸೂ ಆಗಬಹುದು, ಮೈನಸ್ಸೂ ಆಗಬಹುದು.

1.44 ಲಕ್ಷದ ವಿಷಯ. ಹುಡುಗರು ಅದನ್ನು ಖರ್ಚು ಅಂತ ಬರೆದದ್ದು ತಪ್ಪು. ಆ ಹಣ ಯಾವತ್ತೋ ಹೋಗಿದೆ. ಆದರೆ ನಷ್ಟ ತೋರಿಸಿದರೆ ತೆರಿಗೆ ಕಮ್ಮಿ ಆಗುತ್ತದೆ. 1.44 ಲಕ್ಷಕ್ಕೆ ಶೇ 30 ಅಂದರೆ 43 ಸಾವಿರ ಈಗಲೇ ಉಳಿಯಿತು. ಹಾಗಾಗಿ ಇವತ್ತು ಕೈಯಿಂದ ಹೋಗುವುದು 20ರಲ್ಲಿ 3 ಕಳೆದು, ಇನ್ನೊಂದು 43 ಸಾವಿರ ಕಳೆದು, 16.57 ಲಕ್ಷ. ನಾವು ಎಂ.ಬಿ.ಎ.ಯಲ್ಲಿ ಓದಿದ್ದು ಹೀಗೇ.

— ಬೆಂಗಳೂರಿನಿಂದ, ಸಾಫ್ಟ್‌ವೇರಿನವ

*

ನಮಸ್ಕಾರ್ರೀ. ನಮ್ಮದು ಹುಬ್ಬಳ್ಳಿಯಲ್ಲಿ ಪ್ರಿಂಟಿಂಗ್ ಪ್ರೆಸ್. ಪದದ ಬಗ್ಗೆ ನನಗೇನೂ ಗೊತ್ತಿಲ್ಲ. ಆದರೆ ಮೇಡಂ ಲೆಕ್ಕದಲ್ಲಿ ಬ್ಯಾಂಕಿನ ಕಂತೇ ಇಲ್ಲವಲ್ಲ! 20 ಲಕ್ಷ ಯಾರು ಕೈಯಿಂದ ಹಾಕುತ್ತಾರೆ? ನಾವು ಎರಡು ಕಲರಿನ ಆಫ್‌ಸೆಟ್ ತೆಗೆದು ನಾಲ್ಕು ಕಲರಿನದು ತಂದಾಗ ಮೊದಲು ಹಾಕಿದ್ದೇ ತಿಂಗಳ ಕಂತಿನ ಲೆಕ್ಕ.

ಇನ್ನೊಂದು ಮಾತು. ಮಷಿನ್ ಮಾರುವವರು ಬಂದು ‘ಒಬ್ಬ ಆಳು ಕಡಿಮೆ ಆಗ್ತಾನೆ’ ಅಂತ ಹಾಳೆಯ ಮೇಲೆ ಬರೆದು ತೋರಿಸಿದರು. ಆ ಹುಡುಗ ನಮ್ಮಲ್ಲೇ ಕಟಿಂಗ್ ಟೇಬಲ್ಲಿಗೆ ಬಂದ. ಸಂಬಳ ಈಗಲೂ ಹೋಗುತ್ತಲೇ ಇದೆ. ಆ ಉಳಿತಾಯ ಎಲ್ಲಿ ಉಳಿಯಿತು ಹೇಳ್ರಿ?

*

ಎಲ್ಲರ ಪತ್ರವನ್ನೂ ಓದಿದೆ. ಆಡಿಟ್ ಆಫೀಸಿನಲ್ಲಿ ಇದೇ ಕೆಲಸ ಮಾಡುವವನಾದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಂಗಳೂರಿನವರು ಹೇಳಿದ 43 ಸಾವಿರ ಅಮೆರಿಕದ ಪಠ್ಯಪುಸ್ತಕದ ಲೆಕ್ಕ. ಅಲ್ಲಿ ಒಂದೊಂದು ಮಷಿನ್‌ಗೂ ಬೇರೆ ಲೆಕ್ಕ ಇಡುತ್ತಾರೆ. ಮಾರಿದ ವರ್ಷವೇ ಲಾಭವೋ ನಷ್ಟವೋ ತೆರಿಗೆಗೆ ಬರುತ್ತದೆ. ನಮ್ಮ ಆದಾಯ ತೆರಿಗೆಯಲ್ಲಿ ಹಾಗಿಲ್ಲ. ಶೇ 15ರ ಸವಕಳಿಯ ಮಷಿನ್‌ಗಳೆಲ್ಲ ಸೇರಿ ಒಂದೇ ಬ್ಲಾಕ್, ಒಂದೇ ರಾಶಿ ಇದ್ದ ಹಾಗೆ. ಹಳೆಯದನ್ನು ಮಾರಿದ 3 ಲಕ್ಷ ರಾಶಿಯಿಂದ ಕಳೆಯುತ್ತದೆ, ಹೊಸದರ 20 ಲಕ್ಷ ಕೂಡುತ್ತದೆ. ಅಲ್ಲಿಗೆ ರಾಶಿ ಬೆಳೆದದ್ದು 17 ಲಕ್ಷ. 1.44 ಲಕ್ಷದ ‘ನಷ್ಟ’ ಅನ್ನುವ ಸಾಲೇ ತೆರಿಗೆ ಲೆಕ್ಕದಲ್ಲಿ ಬರುವುದಿಲ್ಲ. ಅದು ರಾಶಿಯೊಳಗೇ ಉಳಿದು ವರ್ಷ ವರ್ಷ ಸವೆಯುತ್ತದೆ, ಹಳೆ ಮಷಿನ್ ಇದ್ದಿದ್ದರೂ ಅಷ್ಟೇ. ಬ್ಲಾಕ್ ಪೂರ್ತಿ ಖಾಲಿಯಾದರೆ ಮಾತ್ರ ಕಥೆ ಬೇರೆ. ಆಗಲೂ ಅದು ಅಲ್ಪಾವಧಿ ಬಂಡವಾಳ ನಷ್ಟ. ವ್ಯಾಪಾರದ ಲಾಭಕ್ಕೆ ಅದನ್ನು ವಜಾ ಹಾಕಲಾಗದು.

ಈಗ ಲೆಕ್ಕ. ಉಳಿತಾಯದ 5 ಲಕ್ಷದ ಮೇಲೂ ತೆರಿಗೆ ಇದೆ, ಅದನ್ನು ಮರೆಯಬಾರದು. ಖರ್ಚು ಕಮ್ಮಿಯಾದರೆ ಲಾಭ ಜಾಸ್ತಿ, ತೆರಿಗೆಯೂ ಜಾಸ್ತಿ. ಕೈಗೆ ಉಳಿಯುವುದು 3.5 ಲಕ್ಷ. ಮೊದಲ ವರ್ಷ 17 ಲಕ್ಷದ ಮೇಲೆ 2.55 ಲಕ್ಷ ಸವಕಳಿ, ಅದರಿಂದ ತೆರಿಗೆಯಲ್ಲಿ 76,500 ಉಳಿಯುತ್ತದೆ. ಎರಡೂ ಸೇರಿ 4.27 ಲಕ್ಷ. ಸವಕಳಿ ಇಳಿಯುತ್ತಾ ಹೋಗುವುದರಿಂದ 5ನೇ ವರ್ಷಕ್ಕೆ ಇದು 3.90 ಲಕ್ಷ ಆಗುತ್ತದೆ. ಶೇ 12ರ ದರದಲ್ಲಿ ಇಂದಿನ ಬೆಲೆಗೆ ತಂದರೆ ಐದೂ ವರ್ಷ ಸೇರಿ 14.74 ಲಕ್ಷ. ಕೊನೆಯಲ್ಲಿ ಮಾರುವಾಗ ಹಿಡಿಯಬೇಕಾದ್ದು 6 ಲಕ್ಷ ಅಲ್ಲ, 50 ಸಾವಿರ ಕಳೆದು 5.5 ಲಕ್ಷ. ಅದರ ಇಂದಿನ ಬೆಲೆ 3.12 ಲಕ್ಷ. ಒಟ್ಟು 17.86 ಲಕ್ಷ. ಹಾಕಿದ್ದು 17. ಉಳಿದದ್ದು 86 ಸಾವಿರ. ಆಮೇಲೂ ಬ್ಲಾಕಿನಲ್ಲಿ ಉಳಿಯುವ ಚೂರುಪಾರಿಗೆ ಇನ್ನೊಂದು 19 ಸಾವಿರ ಸೇರಿಸಬಹುದು.

ನೋಡಿ, ಲಾಭ ಇರುವುದೇ ಒಂದು ಲಕ್ಷದ ಆಸುಪಾಸು. ಹುಡುಗರ ಹಾಗೆ 1.44 ಲಕ್ಷ ಕಳೆದರೆ ಉತ್ತರ ಮೈನಸ್‌ಗೆ ಹೋಗಿ ‘ಹೊಸದು ಬೇಡ’ ಅಂತಾಗುತ್ತದೆ. ಮೇಡಂ, ನಿಮ್ಮ ಹುಡುಗರ ತಪ್ಪು ಸಣ್ಣದಲ್ಲ.

ಪ್ರೆಸ್ಸಿನವರಿಗೆ: ಕಂತು ಈ ಲೆಕ್ಕಕ್ಕೆ ಬರುವುದಿಲ್ಲ. ಬಡ್ಡಿ ಆ ಶೇ 12ರೊಳಗೇ ಇದೆ. ಕಂತನ್ನೂ ಕಳೆದರೆ ಬಡ್ಡಿಯನ್ನು ಎರಡು ಸಲ ಕೊಟ್ಟ ಹಾಗಾಯಿತು. ತಿಂಗಳ ಕಂತು ಕಟ್ಟಲು ಕೈಯಲ್ಲಿ ಹಣ ಇರುತ್ತದಾ ಅನ್ನುವುದು ಬೇರೆ ಪ್ರಶ್ನೆ. ಅದನ್ನು ಬೇರೆ ಹಾಳೆಯಲ್ಲಿ ನೋಡಿ. ಆಳಿನ ಮಾತು ಮಾತ್ರ ನೂರಕ್ಕೆ ನೂರು ಸರಿ. 5 ಲಕ್ಷದಲ್ಲಿ 1.2 ಲಕ್ಷ ಹೀಗೆ ಬರಿ ಹಾಳೆಯ ಮೇಲಿನ ಸಂಬಳ ಆಗಿದ್ದರೆ, ತೆರಿಗೆ ಕಳೆದು ವರ್ಷಕ್ಕೆ 84 ಸಾವಿರ ಹೋಯಿತು. ಐದು ವರ್ಷಕ್ಕೆ ಇಂದಿನ ಬೆಲೆಯಲ್ಲಿ ಸುಮಾರು 3 ಲಕ್ಷ. ಮಷಿನ್ ತರುವ ಮಾತೇ ಬಿದ್ದುಹೋಗುತ್ತದೆ.

ವರ್ಷದಲ್ಲಿ 180 ದಿನಕ್ಕಿಂತ ಕಮ್ಮಿ ಓಡಿದ ಹೊಸ ಮಷಿನ್‌ಗೆ ಆ ವರ್ಷ ಅರ್ಧ ಸವಕಳಿ ಮಾತ್ರ ಅನ್ನುವುದನ್ನೂ, ತಯಾರಿಕೆಯವರಿಗೆ ಸಿಗಬಹುದಾದ ಹೆಚ್ಚುವರಿ ಸವಕಳಿಯನ್ನೂ ನಾನು ಬಿಟ್ಟಿದ್ದೇನೆ. ನಿಜವಾದ ಫೈಲಿನಲ್ಲಿ ಎರಡೂ ಬೇಕು.

ಪದ? ನಮ್ಮ ಆಫೀಸಿನಲ್ಲಿ ಸುಮ್ನೆ ‘ಡಿಫರೆನ್ಸ್’ ಅಂತೀವಿ.

*

ಕಟಿಂಗ್ ಟೇಬಲ್ಲಿಗೆ ಆ ಹುಡುಗ ಬರದಿದ್ದರೆ ಹೊಸಬನನ್ನು ಇಟ್ಟುಕೊಳ್ಳಬೇಕಿತ್ತೋ ಏನೋ ಸಾರ್. ಹಂಗಾದರೆ ಉಳಿದ ಹಾಗೇ ಅಲ್ವಾ? ಇದನ್ನು ಯಾವ ಸಾಲಿನಲ್ಲಿ ಬರೆಯಬೇಕು?

— ಹುಬ್ಬಳ್ಳಿಯ ಪ್ರೆಸ್ಸಿನವನು

*

ಅದು ನಿಮ್ಮ ಪ್ರೆಸ್ಸಿನವರೇ ಹೇಳಬೇಕಾದ್ದು. ಟೇಬಲ್ಲಿಗೆ ಆಳು ಬೇಕೇಬೇಕಿತ್ತು ಅಂದರೆ ಉಳಿತಾಯ ಖರೆ. ಮನೆಗೆ ಕಳಿಸಲು ಮನಸ್ಸಾಗದೆ ಅಲ್ಲಿ ನಿಲ್ಲಿಸಿದ್ದೀರಿ ಅಂದರೆ ಅಲ್ಲ.

— ಆಡಿಟ್ ಆಫೀಸಿನವನು

*

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮೆರಿಕದ ಪುಸ್ತಕದಿಂದ ತೆಗೆದುಕೊಂಡ ಲೆಕ್ಕವೊಂದು ಟಿಪ್ಪಣಿಯಲ್ಲೂ ಇತ್ತು. ಅದನ್ನು ತೆಗೆದು ಬ್ಲಾಕಿನ ಪ್ರಕಾರ ಹಾಕುತ್ತೇನೆ. ಆದರೆ ‘ವ್ಯತ್ಯಾಸದ ಹಣ’ದ ಬಗ್ಗೆ ಇನ್ನೂ ಅನುಮಾನ. ಯಾವುದರಿಂದ ಯಾವುದನ್ನು ಕಳೆಯಬೇಕು ಅಂತ ಅದು ಹೇಳುವುದಿಲ್ಲವಲ್ಲ, ಉಲ್ಟಾ ಕಳೆದರೆ ಉತ್ತರವೂ ಉಲ್ಟಾ. ‘ಬದಲಿಸಿದರೆ ಬರುವ ಹೋಗುವ ಹಣ’ ಉದ್ದವಾಯಿತಾ? ತೆರಿಗೆ ಕಳೆದ ಮೇಲಿನದು ಅಂತಲೂ ಅದರಲ್ಲೇ ಬರಬೇಕು. ಯಾರಿಗಾದರೂ ಚಿಕ್ಕದು ಹೊಳೆದರೆ ಬರೆಯಿರಿ. ಟಿಪ್ಪಣಿ ಇನ್ನೂ ಅಚ್ಚಿಗೆ ಹೋಗಿಲ್ಲ.