ಸಹಾಯ ಬೇಕು: ಪವರ್‌ಲೈನ್ ಅಡಾಪ್ಟರ್ ಸ್ಪೀಡ್ ಆಗಾಗ ಬೀಳುತ್ತಿದೆ

ನಮಸ್ಕಾರ. ಕೆಳಗಿನ ಹಾಲ್‌ನಲ್ಲಿ ರೌಟರ್ ಇದೆ, ಮಹಡಿ ರೂಮಿಗೆ ವೈಫೈ ಸರಿಯಾಗಿ ಬರುವುದಿಲ್ಲ. ಹಾಗಾಗಿ ಮನೆಯ ಕರೆಂಟ್ ವೈರಿನ ಮೂಲಕವೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಹಾಕಿದ್ದೇನೆ. ಲೈನ್ 100 ಎಂಬಿಪಿಎಸ್.

ಮೊದಲು ಎರಡೂ ಅಡಾಪ್ಟರ್ ಸ್ಪೈಕ್ ಗಾರ್ಡ್ ಬೋರ್ಡ್‌ನಲ್ಲಿದ್ದವು, ಆಗ ಮೇಲೆ 8 ಎಂಬಿಪಿಎಸ್ ಮಾತ್ರ. ಕರೆಂಟಿನ ಗದ್ದಲ ತಡೆಯಲು ಆ ಬೋರ್ಡ್‌ನೊಳಗೆ ಇರುವ ಫಿಲ್ಟರ್, ಅಡಾಪ್ಟರಿನ ಸಿಗ್ನಲ್ಲನ್ನೂ ಗದ್ದಲ ಅಂತಲೇ ತಿಳಿದು ನುಂಗಿಬಿಡುತ್ತದೆ. ನೇರ ಗೋಡೆ ಸಾಕೆಟ್‌ಗೆ ಹಾಕಿದ ಮೇಲೆ 60ರ ಹತ್ತಿರ ಸಿಗುತ್ತಿದೆ.

ಈಗ ಉಳಿದಿರುವ ತಲೆನೋವು ಬೇರೆ. ಪಕ್ಕದ ಸಾಕೆಟ್‌ನಲ್ಲಿ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ತಕ್ಷಣ 15ಕ್ಕೆ ಇಳಿಯುತ್ತದೆ, ತೆಗೆದರೆ ಮತ್ತೆ ಏರುತ್ತದೆ. ಅದೇ ಸರ್ಕ್ಯೂಟ್‌ನಲ್ಲಿರುವ ಮಿಕ್ಸಿ ಓಡಿದರೆ ವಿಡಿಯೋ ಕಾಲ್ ಕಟ್! ಮಿಕ್ಸಿ ಬಿಡಿ, ಐದು ನಿಮಿಷದ ಕೆಲಸ. ಚಾರ್ಜರ್ ಇಡೀ ದಿನ ಬೇಕಲ್ವಾ?

ಖಾಲಿ ಬಿದ್ದಿರುವ ಸ್ಪೈಕ್ ಗಾರ್ಡ್‌ಗೆ ಚಾರ್ಜರ್ ಹಾಕಿದರೆ, ಅದರ ಗದ್ದಲ ಅಲ್ಲೇ ನಿಲ್ಲುತ್ತದಾ? ಅಥವಾ ಫಿಲ್ಟರ್ ಇರುವ ಪಾಸ್‌ತ್ರೂ ಸಾಕೆಟ್‌ನ, ಅಂದರೆ ಚಾರ್ಜರನ್ನು ಅದಕ್ಕೇ ಚುಚ್ಚಬಹುದಾದ ಅಡಾಪ್ಟರೇ ಕೊಳ್ಳಬೇಕಾ? ಮನೆಗೆ ತ್ರೀ ಫೇಸ್ ಇದೆ. ಮೇಲೆ, ಕೆಳಗೆ ಬೇರೆ ಫೇಸ್ ಇದ್ದರೂ ಸ್ಪೀಡ್ ಕಮ್ಮಿ ಆಗುತ್ತದಂತೆ. ಎಲೆಕ್ಟ್ರೀಷಿಯನ್ ಹತ್ತಿರ ಒಂದೇ ಫೇಸ್‌ಗೆ ಹಾಕಿಸಿಕೊಂಡವರು ಯಾರಾದರೂ ಇದ್ದರೆ, ಎಷ್ಟು ವ್ಯತ್ಯಾಸ ಆಯ್ತು ಹೇಳಿ.