ಕೂಲರ್ ಪಂಪ್ ಗುಂಯ್ ಅನ್ನುತ್ತದೆ, ಪ್ಯಾಡ್ ಮಾತ್ರ ಒಣ ಒಣ

ಪ್ರಶ್ನೆ (ಗದಗ, ಬೆಟಗೇರಿ): ಕಬ್ಬಿಣದ ಬಾಡಿ ಕೂಲರ್, ಮೂರು ಕಡೆ ಹುಲ್ಲಿನ ಪ್ಯಾಡ್. ಹೋದ ತಿಂಗಳಷ್ಟೇ ಹೊಸ ಪ್ಯಾಡ್ ಹಾಕಿಸಿದೆವು. ಪಂಪ್ ಸದ್ದು ಬರುತ್ತದೆ, ಆದರೆ ಎಡಗಡೆ ಪ್ಯಾಡ್ ಮಾತ್ರ ಸ್ವಲ್ಪ ನೆನೆಯುತ್ತದೆ. ನಮ್ಮದು ಬೋರ್ ನೀರು. ಪಂಪ್ ಹೋಯಿತಾ?

ಧಾರವಾಡದ ಒಬ್ಬರು: ಗುಂಯ್ ಅಂದ್ರೆ ಕೆಪಾಸಿಟರ್ ಹೋಗಿದೆ. ಅದನ್ನ ಬದಲಿಸಿ, ಸಾಕು.

ಹುಬ್ಬಳ್ಳಿಯ ಮೆಕ್ಯಾನಿಕ್: ಕೆಪಾಸಿಟರ್ ಇರೋದು ಫ್ಯಾನ್ ಮೋಟರಿಗೆ ರೀ, ಈ ಸಣ್ಣ ಪಂಪಿಗಲ್ಲ. ಅಕ್ಕಾರೆ, ಮೊದಲು ಪ್ಲಗ್ ಕಿತ್ತಿಡಿ. ಕಬ್ಬಿಣದ ಬಾಡಿ, ಪ್ಲಗ್ ಇದ್ದಾಗ ನೀರಿಗೆ ಕೈ ಹಾಕಲೇಬೇಡಿ. ಮೇಲೆ ನೀರು ಹಂಚುವ ಡಬ್ಬಿಗೆ ಹೋಗುವ ಪೈಪನ್ನು ಬಿಚ್ಚಿ, ಅದೇ ಎತ್ತರಕ್ಕೆ ಕಟ್ಟಿ, ತುದಿ ಟ್ಯಾಂಕಿನ ಕಡೆ ತಿರುಗಿಸಿ. ಆಮೇಲೆ ಕೈ ದೂರ ಇಟ್ಟು ಪಂಪ್ ಹಾಕಿ. ಧಾರೆ ದಪ್ಪ ಬಂದರೆ ಪಂಪ್ ಚೆನ್ನಾಗಿದೆ, ಮೇಲೆ ಕಟ್ಟಿಕೊಂಡಿದೆ. ದಾರದಷ್ಟು ಬಂದರೆ ತಪ್ಪು ಕೆಳಗಿದೆ. ಪೈಪ್ ಎಲ್ಲಾದರೂ ಮಡಚಿದೆಯಾ, ಅದನ್ನೂ ನೋಡಿ.

ಹಾವೇರಿಯ ಒಬ್ಬರು: ನಮ್ಮ ಕೂಲರ್ ನೀರು ವಾಸನೆ ಬರ್ತದೆ. ಅದೂ ಪಂಪಿಂದೇನಾ?

ಮೆಕ್ಯಾನಿಕ್: ಅಲ್ಲ ಅಣ್ಣಾರೆ, ನಿಂತ ನೀರು. ಟ್ಯಾಂಕ್ ಖಾಲಿ ಮಾಡಿ ತೊಳೆಯಿರಿ.

ಕೇಳಿದವರು: ದಾರದಷ್ಟೇ ಬಂತು. ಪೈಪ್ ಕೆಳಗಿಳಿಸಿದರೆ ಪರವಾಗಿಲ್ಲ, ಜೋರಾಗಿ ಬರುತ್ತದೆ.

ಮೆಕ್ಯಾನಿಕ್: ಹಾಗಾದರೆ ಪ್ಲಗ್ ತೆಗೆದು ಪಂಪಿನ ಕೆಳಗಿನ ಜಾಲರಿ ಬಿಚ್ಚಿ. ಹೊಸ ಪ್ಯಾಡ್ ಅಂದಿರಲ್ವಾ, ಅದರ ನಾರು ಉದುರಿ ಒಳಗಿನ ಚಕ್ರಕ್ಕೆ ಸುತ್ತಿರುತ್ತದೆ. ಚಕ್ರ ಬೆರಳಿಗೆ ಸಲೀಸಾಗಿ ತಿರುಗಬೇಕು. ರೆಕ್ಕೆ ಮುರಿದಿದೆಯಾ ನೋಡಿ.

ಕೇಳಿದವರು: ಜಡೆ ಹೆಣೆದ ಹಾಗೆ ನಾರು ಸುತ್ತಿತ್ತು! ತೆಗೆದ ಮೇಲೆ ಎರಡು ಪ್ಯಾಡ್ ನೆನೆದವು. ಹಿಂದಿನದು ಇನ್ನೂ ಒಣಗೇ ಇದೆ.

ಮೆಕ್ಯಾನಿಕ್: ಅದು ಸವಳು ನೀರಿನ ಕೆಲಸ. ಆ ಪ್ಯಾಡಿಗೆ ಹೋಗುವ ಸಣ್ಣ ಪೈಪ್ ಬಿಚ್ಚಿ ಊದಿ. ಪ್ಯಾಡಿನ ಮೇಲಿನ ತಟ್ಟೆಯ ತೂತುಗಳಲ್ಲಿ ಬಿಳಿ ಸುಣ್ಣ ಕೂತಿರುತ್ತದೆ. ಪ್ಲಾಸ್ಟಿಕ್ ಭಾಗಗಳನ್ನು ಬಿಸಿನೀರಲ್ಲಿ ಕರಗಿಸಿದ ನಿಂಬೆ ಉಪ್ಪಿನಲ್ಲಿ ಒಂದು ಗಂಟೆ ನೆನೆಸಿ, ಆಮೇಲೆ ಕಡ್ಡಿ ಆಡಿಸಿ. ಸೂಜಿಯಿಂದ ತೂತು ದೊಡ್ಡದು ಮಾಡಬೇಡಿ, ನೀರೆಲ್ಲ ಅಲ್ಲೇ ಸುರಿದು ಉಳಿದ ಪ್ಯಾಡ್ ಒಣಗುತ್ತವೆ. ಕೂಲರ್ ಓರೆ ನಿಂತಿದ್ದರೂ ಹೀಗೇ ಆಗುತ್ತದೆ.

ಕೇಳಿದವರು: ಮೂರೂ ನೆನೆದವು ರೀ. ಆದರೆ ಅರ್ಧ ಗಂಟೆ ಆದ ಮೇಲೆ ಧಾರೆ ಮತ್ತೆ ಸಣ್ಣ ಆಗ್ತಿದೆ.

ಮೆಕ್ಯಾನಿಕ್: ಟ್ಯಾಂಕ್ ನೀರು ಇಳಿದು ಪಂಪ್ ಗಾಳಿ ಎಳೀತಿದೆಯಾ ಮೊದಲು ನೋಡಿ. ನೀರು ಭರ್ತಿ ಇದ್ದೂ ಹೀಗೇ ಆದರೆ ಪಂಪ್ ದುರ್ಬಲ ಅನ್ನೋ ಅನುಮಾನ ನನಗೆ. ಹೊಸದು ಕೊಳ್ಳುವಾಗ ಒಂದು ಮಾತು: ಡಬ್ಬಿ ಮೇಲೆ 6 ಅಡಿ ಅಂತ ಬರೆದಿದ್ದರೆ, 6 ಅಡಿಗೆ ನೀರು ಹೆಚ್ಚು ಕಡಿಮೆ ನಿಂತೇ ಹೋಗುತ್ತದೆ. ನಿಮ್ಮ ಕೂಲರ್ ಎತ್ತರ ಎಷ್ಟು?

ಕೇಳಿದವರು: ಮೂರೂವರೆ ಅಡಿ. ಇವತ್ತು ರಾತ್ರಿ ಟ್ಯಾಂಕ್ ತುಂಬಿಸಿ ನೋಡ್ತೀನಿ.